ಒಂದೇ ಷೇರಿಗೆ ಕಟ್ಟಿದ ಬೇಲಿ, ಅದರ ಬೆಲೆ

1999ರಲ್ಲಿ ಯಾಹೂ ಕಂಪನಿ ಬ್ರಾಡ್‌ಕಾಸ್ಟ್ ಡಾಟ್ ಕಾಮ್ ಎಂಬ ಸಂಸ್ಥೆಯನ್ನು ಸುಮಾರು 570 ಕೋಟಿ ಡಾಲರಿಗೆ ಕೊಂಡಿತು. ಕೊಟ್ಟದ್ದು ನಗದಲ್ಲ, ಯಾಹೂ ಷೇರು. ಮಾರಿದ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದ ಮಾರ್ಕ್ ಕ್ಯೂಬನ್ ಪಾಲಿಗೆ ಬಂದ ಷೇರುಗಳು ಸುಮಾರು 1 ಕೋಟಿ 46 ಲಕ್ಷ. ಷೇರಿಗೆ 95 ಡಾಲರಿನಂತೆ ಅವುಗಳ ಬೆಲೆ 138 ಕೋಟಿ ಡಾಲರ್ ಆಗುತ್ತಿತ್ತು. (2000ದ ಫೆಬ್ರವರಿಯಲ್ಲಿ ಯಾಹೂ ತನ್ನ ಷೇರನ್ನು ಒಂದಕ್ಕೆ ಎರಡಾಗಿ ಒಡೆಯಿತು. ಇಲ್ಲಿರುವ ಬೆಲೆಗಳೆಲ್ಲ ಆ ವಿಭಜನೆಯ ನಂತರದ ಲೆಕ್ಕದವು. ಈ ಕಥೆಯನ್ನು ಹೇಳುವ ಹಲವರು ವಿಭಜನೆಯ ಹಿಂದಿನ ಲೆಕ್ಕವನ್ನೂ ನಂತರದ ಲೆಕ್ಕವನ್ನೂ ಕಲಸಿಬಿಡುತ್ತಾರೆ.) ಸಂಪತ್ತೆಲ್ಲ ಒಂದೇ ಷೇರಿನಲ್ಲಿ, ಅದೂ ದಿನಕ್ಕೆ ಐದಾರು ಡಾಲರ್ ಏರಿಳಿಯುವ ಇಂಟರ್ನೆಟ್ ಷೇರಿನಲ್ಲಿ. ಆಗ ಅವರು ಮಾಡಿಕೊಂಡ ಏರ್ಪಾಡು ಷೇರುಪೇಟೆಯಲ್ಲಿ ಇಂದಿಗೂ ಪಾಠದಂತೆ ಚರ್ಚೆಯಾಗುತ್ತದೆ.

ಏರ್ಪಾಡಿನ ಮೊದಲ ಅರ್ಧ ಪುಟ್ ಆಪ್ಷನ್. ಷೇರಿನ ಬೆಲೆ ಎಷ್ಟೇ ಬೀಳಲಿ, ಮೂರು ವರ್ಷದ ಅವಧಿಯಲ್ಲಿ 85 ಡಾಲರಿಗೆ ಮಾರುವ ಹಕ್ಕನ್ನು ಅದು ಕೊಡುತ್ತದೆ. ಆ 85ಕ್ಕೆ ಸ್ಟ್ರೈಕ್ ಬೆಲೆ ಎನ್ನುತ್ತಾರೆ. ಕೈಯಲ್ಲಿರುವ ಷೇರಿನ ಜೊತೆಗೆ ಇಂಥ ಹಕ್ಕನ್ನೂ ಕೊಂಡಿಟ್ಟುಕೊಂಡರೆ ಅದು ವಿಮೆಯೇ. 95ರಿಂದ 85ರವರೆಗಿನ ನಷ್ಟ ನಮ್ಮದು, ಅದಕ್ಕಿಂತ ಕೆಳಗಿನದು ಪುಟ್ ಮಾರಿದವರದು.

ಇಷ್ಟಕ್ಕೆ ಆಪ್ಷನ್ ಯಾಕೆ, ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂದು ದಲ್ಲಾಳಿಗೆ ಸ್ಟಾಪ್‌ಲಾಸ್ ಹಾಕಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ 2009ರ ಜನವರಿ 7ರಲ್ಲಿದೆ. ಲೆಕ್ಕಪತ್ರಗಳಲ್ಲಿ ವಂಚನೆ ಮಾಡಿದ್ದನ್ನು ಸತ್ಯಂ ಕಂಪನಿಯ ಅಧ್ಯಕ್ಷರು ಅಂದು ಪತ್ರ ಬರೆದು ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಅದೇ ದಿನ 40ರ ಹತ್ತಿರ ಮುಗಿಯಿತು. ಅಂಥ ದಿನ 160ಕ್ಕೆ ಮಾರು ಎಂದು ಬರೆದಿಟ್ಟಿದ್ದರೂ ಆ ಬೆಲೆಗೆ ಕೊಳ್ಳುವವರು ಸಿಗುವುದು ಕಷ್ಟ. ಸಿಕ್ಕಿದ ಬೆಲೆಗೆ ಹೋಗುತ್ತದೆ, ಇಲ್ಲವೇ ಆರ್ಡರ್ ಹಾಗೆಯೇ ಕೂರುತ್ತದೆ. ಪುಟ್ ಇದ್ದವರಿಗೆ ಸ್ಟ್ರೈಕ್ ಬೆಲೆ ಸಿಕ್ಕೇ ಸಿಗುತ್ತದೆ, ನಡುವಿನ ಮೆಟ್ಟಿಲುಗಳಲ್ಲಿ ವ್ಯಾಪಾರ ನಡೆದಿರಬೇಕೆಂದೇನೂ ಇಲ್ಲ.

ಈ ವಿಮೆಗೆ ಕಂತು ಎಷ್ಟು? ಅದನ್ನು ಅಳೆಯುವ ಸಲಕರಣೆ 1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಪ್ರಕಟಿಸಿದ ಸೂತ್ರ. ಷೇರಿನ ಬೆಲೆ, ಸ್ಟ್ರೈಕ್ ಬೆಲೆ, ಅವಧಿ, ಬಡ್ಡಿ ಇವೆಲ್ಲ ನಮಗೆ ಗೊತ್ತಿರುತ್ತವೆ. ಊಹಿಸಬೇಕಾದ್ದು ಒಂದೇ, ಅವಧಿಯುದ್ದಕ್ಕೂ ಷೇರು ಎಷ್ಟು ಕುಣಿಯಬಹುದು ಎಂಬುದು. ಯಾಹೂವಿನ ವಾರ್ಷಿಕ ಏರಿಳಿತ ಶೇ 70, ಬಡ್ಡಿ ಶೇ 6 ಎಂದು ಹಿಡಿದು ನಾನು ಲೆಕ್ಕ ಹಾಕಿದರೆ, 85 ಡಾಲರಿನ ಮೂರು ವರ್ಷದ ಪುಟ್‌ಗೆ ಸುಮಾರು 27 ಡಾಲರ್ ಬರುತ್ತದೆ. ಷೇರಿನ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು! ಎಲ್ಲ ಷೇರುಗಳಿಗೂ ಸೇರಿ 39 ಕೋಟಿ ಡಾಲರ್, ಅದೂ ಮುಂಗಡವಾಗಿ.

ಇಷ್ಟೊಂದು ದುಬಾರಿ ಎನಿಸಿದಾಗ ಜನ ಸಾಮಾನ್ಯವಾಗಿ ಹಿಡಿಯುವ ದಾರಿ, ಕಡಿಮೆ ಅವಧಿಯ ಪುಟ್ ಕೊಂಡು ಆಮೇಲೆ ನವೀಕರಿಸುತ್ತಾ ಹೋಗೋಣ ಎಂಬುದು. ಇಲ್ಲಿ ಒಂದು ಗಣಿತದ ಬಲೆಯಿದೆ. ಷೇರಿನ ಅಲೆದಾಟ ಕಾಲದ ಜೊತೆ ನೇರವಾಗಿ ಬೆಳೆಯುವುದಿಲ್ಲ, ಕಾಲದ ವರ್ಗಮೂಲದ ಜೊತೆ ಬೆಳೆಯುತ್ತದೆ. ಫ್ರಾನ್ಸಿನ ಲೂಯಿ ಬ್ಯಾಶೆಲಿಯೆ 1900ರಲ್ಲೇ ತಮ್ಮ ಪ್ರಬಂಧದಲ್ಲಿ ಇದನ್ನು ತೋರಿಸಿದ್ದರು. ಏರುವ ದಿನಗಳೂ ಇಳಿಯುವ ದಿನಗಳೂ ಒಂದನ್ನೊಂದು ಭಾಗಶಃ ಅಳಿಸಿಹಾಕುವುದರಿಂದ, ನಾಲ್ಕು ಪಟ್ಟು ಕಾಲ ಕಳೆದರೆ ಅಲೆದಾಟ ಎರಡೇ ಪಟ್ಟಾಗುತ್ತದೆ. ಹಾಗಾಗಿ ಕಂತು ಕೂಡ ಅವಧಿಯಷ್ಟು ಬೇಗ ಏರುವುದಿಲ್ಲ.

ಒಂದು ಸಾವಿರ ರೂಪಾಯಿಯ ಷೇರು, ವಾರ್ಷಿಕ ಏರಿಳಿತ ಶೇ 30, ಬಡ್ಡಿ ಶೇ 6.5 ಎಂದಿಟ್ಟುಕೊಳ್ಳಿ. ಸಾವಿರದ್ದೇ ಸ್ಟ್ರೈಕ್ ಇರುವ ಒಂದು ವರ್ಷದ ಪುಟ್‌ಗೆ ಸೂತ್ರ ಕೊಡುವ ಬೆಲೆ 87 ರೂಪಾಯಿ. ಅದೇ ಒಂದು ತಿಂಗಳ ಪುಟ್ ಸುಮಾರು 32 ರೂಪಾಯಿ. ಒಂದೊಂದಾಗಿ ನೋಡಿದರೆ 32 ಅಗ್ಗ. ಆದರೆ ಷೇರು ಇದ್ದಲ್ಲೇ ಇದ್ದರೂ ಹನ್ನೆರಡು ಸಲ ಕೊಂಡವರು ವರ್ಷಕ್ಕೆ 380 ರೂಪಾಯಿ ದಾಟುತ್ತಾರೆ. ಇದರಲ್ಲಿ ಯಾರೂ ಮೋಸ ಮಾಡಿಲ್ಲ. ತಿಂಗಳಿಗೊಮ್ಮೆ ಕೊಳ್ಳುವವರಿಗೆ ಷೇರು ಏರಿದಾಗಲೆಲ್ಲ ರಕ್ಷಣೆಯ ನೆಲವೂ ಮೇಲೇರುತ್ತದೆ. ವರ್ಷದ ಪುಟ್‌ನಲ್ಲಿ ಆ ಸೌಲಭ್ಯವಿಲ್ಲ, 1,300ಕ್ಕೆ ಏರಿ ಮತ್ತೆ 1,000ಕ್ಕೆ ಬಂದರೆ ನಡುವಿನ ಗಳಿಕೆ ಹೋದಂತೆಯೇ. ದೊಡ್ಡ ಕುಸಿತವೊಂದರಿಂದ ಮಾತ್ರ ಪಾರಾಗಬೇಕು ಎನ್ನುವವರು ತಿಂಗಳ ಪುಟ್ ಕೊಂಡರೆ ತಮಗೆ ಬೇಡದ ಸವಲತ್ತಿಗೆ ಹಣ ಸುರಿದಂತೆ.

ಅಗ್ಗ ಮಾಡಲು ಇನ್ನೊಂದು ದಾರಿ ನೆಲವನ್ನು ಕೆಳಗಿಳಿಸುವುದು. ಸಾವಿರದ ಬದಲು 900ರ ಸ್ಟ್ರೈಕ್ ತೆಗೆದುಕೊಂಡರೆ ವರ್ಷದ ಕಂತು 87ರಿಂದ 49ಕ್ಕೆ ಇಳಿಯುತ್ತದೆ. ಮೊದಲ ನೂರು ರೂಪಾಯಿಯ ನಷ್ಟ ನಮ್ಮದಾಗುತ್ತದೆ. ನನಗೆ ಇದು ಹೆಚ್ಚು ಪ್ರಾಮಾಣಿಕ ವಿಮೆ ಎನಿಸುತ್ತದೆ, ಯಾಕೆಂದರೆ ಶೇ 10ರ ಇಳಿತ ಯಾವ ಷೇರಿಗೂ ಅಪರೂಪವಲ್ಲ.

ಕ್ಯೂಬನ್ ಕಂತು ಕಟ್ಟಿದ್ದು ಬೇರೆ ರೀತಿ. ಪುಟ್ ಕೊಳ್ಳುವುದರ ಜೊತೆಗೆ ಅವರು ಕಾಲ್ ಆಪ್ಷನ್ ಮಾರಿದರು. ಅದರ ಸ್ಟ್ರೈಕ್ 205 ಡಾಲರ್ ಎಂದು ವರದಿಯಾಗಿದೆ. ಷೇರು 205 ದಾಟಿದರೆ ಅದಕ್ಕಿಂತ ಮೇಲಿನ ಲಾಭವೆಲ್ಲ ಕಾಲ್ ಕೊಂಡವರಿಗೆ. ಈ ವಾಗ್ದಾನಕ್ಕೆ ಸಿಗುವ ಹಣದಿಂದ ಪುಟ್‌ನ ಕಂತು ತುಂಬುತ್ತದೆ. ಕೆಳಗೆ ಒಂದು ನೆಲ, ಮೇಲೆ ಒಂದು ಛಾವಣಿ, ಈ ಜೋಡಿಗೆ ಕಾಲರ್ ಎಂದು ಹೆಸರು. ಅದೇ ಶೇ 70ರ ಏರಿಳಿತ ಹಾಕಿ ನೋಡಿದರೆ 205ರ ಕಾಲ್‌ಗೆ 28 ಡಾಲರ್ ಬರುತ್ತದೆ. 27ರ ಖರ್ಚು, 28ರ ವರಮಾನ, ಅಂದರೆ ಬಹುತೇಕ ಪುಕ್ಕಟೆ.

ನೆಲ ಹತ್ತೇ ಡಾಲರ್ ಕೆಳಗೆ, ಛಾವಣಿ ನೂರಹತ್ತು ಡಾಲರ್ ಮೇಲೆ. ಒಪ್ಪಂದದ ಎದುರು ಬದಿಯಲ್ಲಿದ್ದ ಬ್ಯಾಂಕಿನವರು ಯಾಕೆ ಒಪ್ಪಿದರು? ಒಂದು ಕಾರಣ ಬಡ್ಡಿ. ಮೂರು ವರ್ಷದ ಬಡ್ಡಿ ಸೇರಿಸಿದರೆ ಒಪ್ಪಂದದ ದಿನದ 95 ಅವಧಿಯ ಕೊನೆಯ ಸುಮಾರು 114ಕ್ಕೆ ಸಮ, ಹಾಗಾಗಿ ಬ್ಯಾಂಕಿನ ಲೆಕ್ಕದಲ್ಲಿ ನಡುಬಿಂದು ಮೇಲಕ್ಕೆ ಸರಿದಿರುತ್ತದೆ. ಇನ್ನೊಂದು, ಷೇರು ಸೊನ್ನೆಗಿಂತ ಕೆಳಗೆ ಹೋಗಲಾರದು. ಪುಟ್‌ನಲ್ಲಿ ಗರಿಷ್ಠ ಸಿಗುವುದು 85 ಮಾತ್ರ, ಕಾಲ್‌ನಲ್ಲಿ ಮಿತಿಯೇ ಇಲ್ಲ. ವರ್ಷಕ್ಕೆ ಶೇ 70ರಷ್ಟು ಕುಣಿಯುವ ಷೇರು ಮೂರು ವರ್ಷದಲ್ಲಿ ಎರಡು ಪಟ್ಟಾಗುವುದು ಆ ಲೆಕ್ಕದಲ್ಲಿ ದೂರದ ಮಾತೇನಲ್ಲ.

ಪುಕ್ಕಟೆ ಎಂಬ ಮಾತಿನ ಹಿಂದೆ ಏನಿದೆ ಎಂದು ತಿಳಿಯಲು ಬ್ಯಾಂಕಿನ ಕಡೆಯಿಂದ ನೋಡಬೇಕು. ಅದು ಜೂಜಾಡಲು ಕೂತಿರುವುದಿಲ್ಲ. ಒಪ್ಪಂದವಾದ ದಿನವೇ ಅದೇ ಷೇರುಗಳನ್ನು ಎರವಲು ಪಡೆದು ಪೇಟೆಯಲ್ಲಿ ಮಾರುತ್ತದೆ, ಬೆಲೆ ಬದಲಾದಂತೆ ಆ ಪ್ರಮಾಣವನ್ನು ಹೊಂದಿಸುತ್ತಾ ಹೋಗುತ್ತದೆ. ಎಷ್ಟು ಮಾರಬೇಕೆಂದು ಹೇಳುವ ಸಂಖ್ಯೆಗೆ ಡೆಲ್ಟಾ ಎನ್ನುತ್ತಾರೆ. ಈ ಕಾಲರಿನಲ್ಲಿ ಪುಟ್‌ನ ಪಾಲು ನೂರು ಷೇರಿಗೆ 20, ಕಾಲ್‌ನ ಪಾಲು 55. ಒಟ್ಟು 75. ಬೇಲಿ ಕಣ್ಣಿಗೆ ಅಗಲವಾಗಿ ಕಂಡರೂ, ಸಹಿ ಬಿದ್ದ ದಿನವೇ ಷೇರಿನ ಮುಕ್ಕಾಲು ಭಾಗದ ಏಳುಬೀಳು ಮಾಲೀಕನ ಕೈಬಿಟ್ಟಿತ್ತು. ಯಾಹೂ ಒಂದು ಡಾಲರ್ ಏರಿದರೆ ಕ್ಯೂಬನ್‌ಗೆ ಸಿಗುತ್ತಿದ್ದದ್ದು ಕಾಲು ಡಾಲರ್. ಪುಕ್ಕಟೆ ಕಾಲರ್ ಮಾರಲು ಬರುವವರು ಈ ಸಂಖ್ಯೆಯನ್ನು ತಾವಾಗಿ ಹೇಳುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಹಾಗಾದರೆ ಮುಕ್ಕಾಲು ಷೇರನ್ನು ಮಾರಿಯೇಬಿಡಬಹುದಲ್ಲ? ಮಾರಲು ನಿರ್ಬಂಧ ಇಲ್ಲದಿದ್ದರೆ, ತೆರಿಗೆಯೂ ಭಾರವಲ್ಲದಿದ್ದರೆ, ನಿಜಕ್ಕೂ ಅದೇ ಸರಳ. ಕಾಲರ್ ಅರ್ಥ ಪಡೆಯುವುದು ಮಾರಾಟವನ್ನು ಮುಂದೂಡುವ ಕಾರಣ ಇದ್ದಾಗ. ಇದನ್ನು ಅಮೆರಿಕದ ತೆರಿಗೆ ಇಲಾಖೆಯೂ ಗಮನಿಸಿದೆ. ಏಳುಬೀಳು ಪೂರ್ತಿ ಅಳಿಸಿಹೋಗುವಷ್ಟು ಬಿಗಿಯಾದ ಏರ್ಪಾಡು ಮಾಡಿಕೊಂಡರೆ ಅದನ್ನು ಮಾರಾಟವೆಂದೇ ಪರಿಗಣಿಸಿ ತೆರಿಗೆ ಹಾಕುವ ನಿಯಮ ಅಲ್ಲಿ 1997ರಲ್ಲಿ ಬಂತು. ನೆಲಕ್ಕೂ ಛಾವಣಿಗೂ ನಡುವೆ ಸಾಕಷ್ಟು ಜಾಗ ಬಿಡುವುದರ ಹಿಂದೆ ಈ ಕಾನೂನಿನ ನೆರಳೂ ಇದೆ.

2000ದ ಜನವರಿಯಲ್ಲಿ ಯಾಹೂ 118 ಡಾಲರ್ ಮುಟ್ಟಿತು, 205ರ ಹತ್ತಿರಕ್ಕೂ ಬರಲಿಲ್ಲ. 2001ರ ಸೆಪ್ಟೆಂಬರಿನಲ್ಲಿ ಹತ್ತು ಡಾಲರಿಗಿಂತ ಕೆಳಗಿತ್ತು. ಹತ್ತರ ಲೆಕ್ಕದಲ್ಲಿ ಆ ಷೇರುಗಳ ಬೆಲೆ 15 ಕೋಟಿ ಡಾಲರನ್ನೂ ಮುಟ್ಟುವುದಿಲ್ಲ. ನೆಲದ ಲೆಕ್ಕದಲ್ಲಿ 124 ಕೋಟಿ.

ನಮ್ಮಲ್ಲಿ ಇದೇ ಕೆಲಸ ಮಾಡಹೊರಟರೆ ಮೊದಲ ತೊಡಕು ಅವಧಿಯದು. ರಾಷ್ಟ್ರೀಯ ಷೇರುಪೇಟೆಯಲ್ಲಿ ಬಿಡಿ ಕಂಪನಿಗಳ ಆಪ್ಷನ್ ಸಿಗುವುದು ಮೂರು ತಿಂಗಳವರೆಗೆ ಮಾತ್ರ, ವ್ಯಾಪಾರ ಜೋರಾಗಿರುವುದು ಚಾಲ್ತಿ ತಿಂಗಳಿನದರಲ್ಲಿ. ವರ್ಗಮೂಲದ ಬಲೆಗೆ ನಾವು ಬೇಡವೆಂದರೂ ಬೀಳುತ್ತೇವೆ. ಅದೇ ಸಾವಿರ ರೂಪಾಯಿಯ ಷೇರಿಗೆ 900ರ ಪುಟ್ ಮೂರು ತಿಂಗಳಿಗೆ ಸುಮಾರು 17 ರೂಪಾಯಿ, ವರ್ಷಕ್ಕೆ ನಾಲ್ಕು ಸಲ ಕೊಂಡರೆ ಸುಮಾರು 66. ಒಂದೇ ವರ್ಷದ ಪುಟ್ ಸಿಗುವಂತಿದ್ದರೆ 49ಕ್ಕೆ ಮುಗಿಯುತ್ತಿತ್ತು. ಆ 17 ರೂಪಾಯಿ ತುಂಬಲು ಮಾರಬೇಕಾದ ಕಾಲ್‌ನ ಸ್ಟ್ರೈಕ್ ಲೆಕ್ಕದ ಪ್ರಕಾರ 1,160ರ ಆಸುಪಾಸು. ವಾಸ್ತವದಲ್ಲಿ ಛಾವಣಿ ಇನ್ನೂ ಕೆಳಗೆ ಬರುತ್ತದೆ, ಯಾಕೆಂದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರವಿರುತ್ತದೆ, ಅದನ್ನು ಎರಡೂ ಕಡೆ ತೆರಬೇಕು. ವ್ಯಾಪಾರ ಲಾಟ್ ಲೆಕ್ಕದಲ್ಲಿ ನಡೆಯುವುದರಿಂದ ಲಾಟ್ 400ರದ್ದಾದರೆ ಸಾವಿರ ಷೇರು ಇದ್ದವರ 200 ಷೇರು ಬೇಲಿಯ ಹೊರಗೇ ಉಳಿಯುತ್ತವೆ.

ಕಷ್ಟ ಎದುರಾಗುವುದು ಷೇರು ಬಿದ್ದಾಗ ಅಲ್ಲ, ಏರಿದಾಗ. 1,160ರ ಕಾಲ್ ಮಾರಿದವರ ಷೇರು ಎರಡನೇ ತಿಂಗಳಲ್ಲಿ 1,400 ಮುಟ್ಟಿತು ಎನ್ನೋಣ. ಕಾಗದದ ಮೇಲೆ ನಷ್ಟವಿಲ್ಲ, ಷೇರಿನಲ್ಲಿ ಗಳಿಸಿದ್ದು ಕಾಲ್‌ನಲ್ಲಿ ಹೋಗುತ್ತಿದೆ ಅಷ್ಟೆ. ಆದರೆ ಮಾರಿದ ಕಾಲ್‌ಗೆ ಮಾರ್ಜಿನ್ ಇಡಬೇಕು, ಬೆಲೆ ಏರಿದಷ್ಟೂ ಅದು ಏರುತ್ತದೆ. ಷೇರುಗಳನ್ನು ಅಡವಿಟ್ಟು ಮಾರ್ಜಿನ್ ತೋರಿಸಬಹುದಾದರೂ ಪೂರ್ತಿ ಬೆಲೆಗೆ ಹಿಡಿಯುವುದಿಲ್ಲ, ಒಂದಂಶ ನಗದೇ ಬೇಕಾಗುತ್ತದೆ. ಕೈಯಲ್ಲಿ ನಗದಿಲ್ಲದವರ ಆಪ್ಷನ್ನನ್ನು ದಲ್ಲಾಳಿ ಕೆಟ್ಟ ಹೊತ್ತಿನಲ್ಲಿ ಮುಚ್ಚಿಬಿಡಬಹುದು. ಮರುದಿನ ಷೇರು ಇಳಿದರೆ ಎರಡೂ ಕಡೆ ಪೆಟ್ಟು. ಅವಧಿಯ ಕೊನೆಯವರೆಗೆ ಉಳಿಸಿಕೊಂಡರೆ ಇನ್ನೊಂದು ಸಂಗತಿ: 2019ರ ಅಕ್ಟೋಬರಿನಿಂದ ಬಿಡಿ ಷೇರುಗಳ ಎಲ್ಲ ಆಪ್ಷನ್‌ಗಳೂ ಷೇರು ಹಸ್ತಾಂತರದಲ್ಲೇ ಇತ್ಯರ್ಥವಾಗುತ್ತವೆ. ಛಾವಣಿ ಮುಟ್ಟಿದರೆ ಷೇರು ನಿಜಕ್ಕೂ ಕೈಬಿಡುತ್ತದೆ, ಮುಂದೂಡಲು ಹೊರಟಿದ್ದ ಬಂಡವಾಳ ಲಾಭದ ತೆರಿಗೆ ಅದೇ ವರ್ಷ ಬರುತ್ತದೆ.

ಅಮೆರಿಕದ ಮಾತೃಸಂಸ್ಥೆಯ ಷೇರನ್ನು ಸಂಬಳದ ಭಾಗವಾಗಿ ಪಡೆಯುವ ಬೆಂಗಳೂರಿನವರಿಗೆ ಅಲ್ಲಿನ ಪೇಟೆಯ ಎರಡು ವರ್ಷದ ಪುಟ್ ಆಸೆ ಹುಟ್ಟಿಸಬಹುದು. ಆದರೆ ವಿದೇಶಿ ಷೇರುಪೇಟೆಗೆ ಮಾರ್ಜಿನ್ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಅವಕಾಶವಿಲ್ಲ. ಜೊತೆಗೆ, ತಮ್ಮದೇ ಷೇರಿನ ಮೇಲೆ ನೌಕರರು ಆಪ್ಷನ್ ವ್ಯವಹಾರ ಮಾಡುವುದನ್ನು ಅನೇಕ ಕಂಪನಿಗಳು ನಿಷೇಧಿಸಿವೆ. ಇಂಥವರಿಗೆ ಉಳಿಯುವುದು ಷೇರು ಕೈಗೆ ಬಂದಂತೆಲ್ಲ ಒಂದಷ್ಟನ್ನು ಮಾರುವ ಹಳೆಯ ವಿಧಾನ. ಅದರ ಡೆಲ್ಟಾ ಎಷ್ಟೆಂದು ಯಾರನ್ನೂ ಕೇಳಬೇಕಿಲ್ಲ.