ಸಲಾಂ ಹೇಳಿ, ಹೆಸರು ಹೇಳಿ, ಪರೀಕ್ಷೆ ಮಾಡಬೇಡಿ
(ಮಲವಗೊಪ್ಪ: ಜುಮಾ ಖುತ್ಬಾದ ಸಾರಾಂಶ)



ಪ್ರವಾದಿ(ಸ)ರವರ ಬಾಗಿಲನ್ನು ಒಮ್ಮೆ ಹಝ್ರತ್ ಜಾಬಿರ್(ರ) ತಟ್ಟಿದರು. ಯಾರು ಎಂದು ಒಳಗಿನಿಂದ ಕೇಳಿದಾಗ, "ನಾನು" ಎಂದರು. ಆ ಉತ್ತರ ಪ್ರವಾದಿ(ಸ)ರಿಗೆ ಹಿಡಿಸಲಿಲ್ಲ. ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಈ ಹದೀಸ್ ಇದೆ. ಬಂದವನು ತನ್ನ ಹೆಸರು ಹೇಳಬೇಕು, ಒಳಗಿದ್ದವರು ಊಹಿಸುವಂತೆ ಮಾಡಬಾರದು ಎಂದು ಉಲಮಾಗಳು ಇದರಿಂದ ಅದಬ್ ಕಲಿಸಿದ್ದಾರೆ. ನೆನಪು ಕಳೆದುಕೊಂಡ ದಾದಾ, ದಾದಿ, ನಾನಾ, ನಾನಿಯರ ಮುಂದೆ ಈ ಅದಬ್ ಇನ್ನೂ ಹೆಚ್ಚು ಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಮೊಮ್ಮಕ್ಕಳು ಬಂದ ಕೂಡಲೇ ಯಾರಾದರೂ ಮುಂದೆ ತಳ್ಳಿ, "ದಾದಾ, ಇವನು ಯಾರು ಹೇಳಿ ನೋಡೋಣ?" ಎನ್ನುತ್ತಾರೆ. ಕೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಮರೆವಿನ ಕಾಯಿಲೆಯಲ್ಲಿ ಮೊದಲು ಹೋಗುವುದು ಇತ್ತೀಚಿನ ನೆನಪು. ಹಳೆಯದು ಬಹುಕಾಲ ಉಳಿಯುತ್ತದೆ. ದಾದಾರ ಮನಸ್ಸಿನಲ್ಲಿ ಮೊಮ್ಮಗ ಇನ್ನೂ ಐದು ವರ್ಷದ ಹುಡುಗ. ಎದುರಿಗೆ ಗಡ್ಡ ಬಿಟ್ಟ ಯುವಕ ನಿಂತರೆ ಹೆಸರು ಎಲ್ಲಿಂದ ಬರಬೇಕು? ಉತ್ತರ ಸಿಗದಿದ್ದಾಗ ಅವರಿಗೆ ನಾಚಿಕೆ, ಗಾಬರಿ, ಕೆಲವೊಮ್ಮೆ ಸಿಟ್ಟು ಬರುತ್ತದೆ. ಏನು ನಡೆಯಿತೆಂಬುದು ಸ್ವಲ್ಪ ಹೊತ್ತಿನಲ್ಲಿ ಮರೆತುಹೋಗಬಹುದು, ಆದರೆ ಅದರಿಂದಾದ ನೋವು ಮನಸ್ಸಿನಲ್ಲಿ ಉಳಿಯುತ್ತದೆ.

ಒಂದು ಉದಾಹರಣೆ ನೋಡೋಣ. ನಮ್ಮ ಮಲವಗೊಪ್ಪದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ದಾದಾ ಒಬ್ಬರು ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಬಂದ ಮೊಮ್ಮಗನ ಹೆಸರು ಇರ್ಫಾನ್ ಎಂದುಕೊಳ್ಳಿ. ಅವನು ಮೊದಲು ಟಿವಿ ನಿಲ್ಲಿಸಲಿ. ಹಿಂದಿನಿಂದ ಬಂದು ಭುಜ ಮುಟ್ಟದೆ, ಎದುರಿನಿಂದ ಬಂದು ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಲಿ. ಮೊಮ್ಮಗಳಾದರೆ ಮನೆಯೊಳಗೆ ನಕಾಬ್ ಸರಿಸಿ ಮುಖ ಕಾಣಿಸಲಿ. ಮೊದಲು ಸಲಾಂ. ಸಲಾಂ ಬಾಲ್ಯದ ರೂಢಿಯಾದ್ದರಿಂದ ಹೆಸರುಗಳು ಮರೆತವರ ಬಾಯಲ್ಲೂ ಹೆಚ್ಚಾಗಿ ಉತ್ತರ ತಾನಾಗಿ ಬರುತ್ತದೆ. ಅದಕ್ಕೆ ಸಮಯ ಕೊಡಬೇಕು. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವಷ್ಟು ಕಾಯಬೇಕು. ಆಮೇಲೆ ಅವರ ಮನೆಮಾತಿನಲ್ಲೇ, "ದಾದಾ, ಮೈ ಇರ್ಫಾನ್. ತುಮಾರೆ ಛೋಟೆ ಬೇಟೆ ಕಾ ಬೇಟಾ. ತುಮ್ನಾ ದೇಖ್ನೆ ಆಯಾ" ಎಂದರೆ ಸಾಕು. ಹೆಸರು, ಸಂಬಂಧ, ಬಂದ ಕಾರಣ ಮೂರೂ ಅದರಲ್ಲಿವೆ. "ನೆನಪಿದೆಯಾ?" ಎಂದು ಬಾಲ ಜೋಡಿಸಬಾರದು, ಅದೂ ಪರೀಕ್ಷೆಯೇ. "ಆಗಲೇ ಹೇಳಿದೆನಲ್ಲ" ಎಂಬ ಮಾತೂ ಬೇಡ. ಚಹಾ ಕುಡಿದು ಬರುವಷ್ಟರಲ್ಲಿ ಮರೆತಿದ್ದರೆ, ಮೊದಲ ಸಲ ಹೇಳಿದ ದನಿಯಲ್ಲೇ ಮತ್ತೆ ಹೇಳಲಿ.

ದಾದಾ ಅವನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದು, "ಕಬ್ಬಿನ ಲಾರಿ ಬಂತಾ?" ಎಂದು ಕೇಳಬಹುದು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ತಮ್ಮ ತೀರಿಹೋದರು ಎಂದು ತಿದ್ದಿದರೆ ಅವರಿಗೆ ಅದು ಅಂದೇ ಬಂದ ಸಾವಿನ ಸುದ್ದಿ. ಹಾಗಾದರೆ ಸುಮ್ಮನಿರುವುದು ಸುಳ್ಳಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಇರ್ಫಾನ್ ತನ್ನ ನಿಜವಾದ ಹೆಸರು ಹೇಳಿದ್ದಾನೆ, ಇನ್ನೊಂದು ಸಲ ಮೆಲ್ಲಗೆ ಹೇಳಲಿ. ಆಗಲೂ ಅವರು ಅದೇ ಹೆಸರು ಹಿಡಿದರೆ ವಾದ ಬಿಡಲಿ. "ಕಾರ್ಖಾನೆ ಕೆಲಸ ಬಹಳ ಕಷ್ಟದ್ದಿತ್ತು ಅಲ್ವಾ ದಾದಾ" ಎನ್ನಲಿ. ಇದರಲ್ಲಿ ಸುಳ್ಳಿಲ್ಲ, ನೋವೂ ಇಲ್ಲ.

ಮಾತು ಅವರಿಗೆ ಭಾರವಾಗುತ್ತಿದೆ ಎಂಬುದಕ್ಕೆ ಗುರುತುಗಳಿವೆ. ಪ್ರತಿ ಮಾತಿಗೂ ಉತ್ತರಕ್ಕಾಗಿ ಸೊಸೆಯ ಮುಖ ನೋಡುವುದು, ಲುಂಗಿ ಅಥವಾ ಸೆರಗಿನ ಅಂಚು ಹಿಂಡುವುದು, ತನ್ನ ಮನೆಯಲ್ಲೇ ಕುಳಿತು "ಮನೆಗೆ ಹೋಗ್ತೀನಿ" ಎನ್ನುವುದು. ಆಗ ಮಾತು ನಿಲ್ಲಿಸಿ ಕೈ ಹಿಡಿದು ಕುಳಿತರೆ ಸಾಕು. ಹಬ್ಬದ ದಿನ ಹತ್ತು ಜನ ಒಟ್ಟಿಗೆ ಸುತ್ತುವರಿಯುವ ಬದಲು ಒಬ್ಬೊಬ್ಬರಾಗಿ ಹೋಗಿ.

ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಹೆಸರು ಹೇಳಿದರೂ ಗುರುತು ಸಿಗದ ದಿನ ಬರುತ್ತದೆ. ಅಂದೂ ಹೆಸರು ಹೇಳಿಯೇ ಕುಳಿತುಕೊಳ್ಳಿ. ಆದರೆ ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದವರು ಒಂದೆರಡು ದಿನದಲ್ಲೇ ತೀರಾ ಗೊಂದಲಕ್ಕೆ ಬಿದ್ದರೆ ಅದನ್ನು ವಯಸ್ಸಿನ ಮರೆವು ಎಂದು ಬಿಡಬೇಡಿ. ಮೂತ್ರದ ಸೋಂಕು, ಜ್ವರ, ನೀರಿನ ಕೊರತೆ, ಹೊಸ ಮಾತ್ರೆ ಕಾರಣವಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಎಲ್ಲವನ್ನೂ ತಿಳಿದಿದ್ದವನು ಏನೂ ತಿಳಿಯದ ವಯಸ್ಸಿಗೆ ಮರಳುವ ವಿಷಯವನ್ನು ಸೂರಾ ಅನ್ನಹ್ಲ್‌ನಲ್ಲೂ (16:70) ಸೂರಾ ಅಲ್‌ಹಜ್ಜ್‌ನಲ್ಲೂ (22:5) ಅಲ್ಲಾಹನು ತಿಳಿಸಿದ್ದಾನೆ. ವೃದ್ಧ ತಂದೆತಾಯಿಯ ಮುಂದೆ 'ಛೆ' ಎಂಬ ಸದ್ದನ್ನೂ ಮಾಡದೆ ಗೌರವದಿಂದ ಮಾತಾಡಬೇಕೆಂಬ ಆಜ್ಞೆ ಸೂರಾ ಬನೀ ಇಸ್ರಾಈಲ್‌ನಲ್ಲಿದೆ (17:23). ನಾಲ್ಕನೆಯ ಸಲ ಹೆಸರು ಕೇಳಿದಾಗ ನಮ್ಮ ಬಾಯಿಂದ ಹೊರಡುವ ನಿಟ್ಟುಸಿರು ಆ 'ಛೆ'ಯೊಳಗೇ ಬರುತ್ತದೆ. ಅದನ್ನು ತಡೆದು ಐದನೆಯ ಸಲವೂ ಹೆಸರು ಹೇಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.