ಮಾರುವವರು ಹೊರದೇಶದಲ್ಲಿದ್ದರೆ: ಮನೆ ಕೊಳ್ಳುವವರ ತೆರಿಗೆ ಹೊಣೆ

ಮನೆ ಅಥವಾ ನಿವೇಶನ ಕೊಳ್ಳುವಾಗ ನಾವು ಇಸಿ ನೋಡುತ್ತೇವೆ, ಖಾತೆ ನೋಡುತ್ತೇವೆ, ಮೂಲಪತ್ರಗಳನ್ನು ವಕೀಲರಿಗೆ ತೋರಿಸುತ್ತೇವೆ. ಮಾರುವವರು ಈ ವರ್ಷ ಯಾವ ದೇಶದ ನಿವಾಸಿ ಎಂದು ಕೇಳುವವರು ಕಡಿಮೆ. ಆದಾಯ ತೆರಿಗೆ ಕಾನೂನಿನ ಮಟ್ಟಿಗೆ ಕೊಳ್ಳುವವರ ಕೆಲಸವನ್ನೆಲ್ಲ ನಿರ್ಧರಿಸುವುದು ಈ ಪ್ರಶ್ನೆಗೆ ಸಿಗುವ ಉತ್ತರವೇ.

ಮಾರುವವರು ಭಾರತದ ನಿವಾಸಿಯಾಗಿದ್ದರೆ ಲೆಕ್ಕ ಸರಳ. 2013ರ ಜೂನ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಆಸ್ತಿಯ ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇ 1ರಷ್ಟು ತೆರಿಗೆ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. 2026ರ ಮಾರ್ಚ್ 31ರವರೆಗಿನ ಪಾವತಿಗಳಿಗೆ ಇದು 1961ರ ಕಾಯ್ದೆಯ ಕಲಂ 194-ಐಎ; ಮುಂದೆ ಬರುವ ಕಲಂ, ಫಾರಂ ಸಂಖ್ಯೆಗಳೂ ಆ ಕಾಲದವೇ. ಮಾತಾಡಿಕೊಂಡ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಶೇ 1. ಹಳ್ಳಿಗಾಡಿನ ಕೃಷಿ ಜಮೀನಿಗೆ ಇದು ಅನ್ವಯಿಸದು. ಕಟ್ಟಲು 26QB ಎಂಬ ಒಂದೇ ಫಾರಂ ಸಾಕು. ಕೊಳ್ಳುವವರ ಮತ್ತು ಮಾರುವವರ ಪ್ಯಾನ್ ಇದ್ದರೆ ಮನೆಯಿಂದಲೇ ಮುಗಿಯುವ ಕೆಲಸ.

ಮಾರುವವರು ಅನಿವಾಸಿಯಾಗಿದ್ದರೆ ಇದು ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ನಡೆಯುವುದು ಕಲಂ 195. ಅದರಲ್ಲಿ 50 ಲಕ್ಷದ ಮಿತಿಯಿಲ್ಲ. 15 ಲಕ್ಷದ ನಿವೇಶನವಾದರೂ ತೆರಿಗೆ ಹಿಡಿಯಬೇಕು. ದರವೂ ಬೇರೆ, ಫಾರಂ ಬೇರೆ, ಗಡುವೂ ಬೇರೆ.

ಅನಿವಾಸಿ ಎಂದು ತಿಳಿಯುವುದು ಹೇಗೆ?

ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದರು ಎಂಬುದೇ ಮುಖ್ಯ. ಹೊರದೇಶಕ್ಕೆ ನೌಕರಿಗೆ ಹೋದ ಭಾರತೀಯರು ಆ ವರ್ಷ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಸಾಮಾನ್ಯವಾಗಿ ಅನಿವಾಸಿಗಳು. ಭಾರತದ ಆದಾಯ ಹೆಚ್ಚಿರುವ ಕೆಲವರಿಗೆ 120 ದಿನಗಳ ಇನ್ನೊಂದು ಲೆಕ್ಕವೂ ಇದೆ. ಆದ್ದರಿಂದ ನಾವೇ ದಿನ ಎಣಿಸುವುದಕ್ಕಿಂತ, ಮಾರುವವರಿಂದ ಆ ವರ್ಷದ ನಿವಾಸ ಸ್ಥಿತಿಯ ಬಗ್ಗೆ ಲಿಖಿತ ಹೇಳಿಕೆಯನ್ನೂ ಪಾಸ್‌ಪೋರ್ಟಿನ ಪ್ರತಿಯನ್ನೂ ಪಡೆದು, ಲೆಕ್ಕಪರಿಶೋಧಕರಿಗೆ ತೋರಿಸುವುದು ಲೇಸು.

ಹೆಚ್ಚಿನವರು ಎಡವುವುದು ಜಿಪಿಎ ಇರುವ ಕಡೆ. ಮಾಲೀಕರು ದುಬೈಯಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಅವರ ಪರವಾಗಿ ಊರಿನ ಚಿಕ್ಕಪ್ಪನೋ ಭಾವನೋ ಅಧಿಕಾರಪತ್ರ ಹಿಡಿದು ಬಂದು ಕ್ರಯಪತ್ರಕ್ಕೆ ಸಹಿ ಹಾಕುತ್ತಾರೆ. ಎದುರಿಗೆ ಕೂತವರು ಇಲ್ಲಿಯವರೇ ಆದ್ದರಿಂದ ಶೇ 1 ಸಾಕು ಎಂದುಕೊಳ್ಳುತ್ತೇವೆ. ಆದರೆ ಸಹಿ ಮಾಡಿದವರು ಬರೀ ಪ್ರತಿನಿಧಿ. ತೆರಿಗೆ ಕಾನೂನು ನೋಡುವುದು ಮಾಲೀಕರನ್ನು. ಹಣ ಎನ್‌ಆರ್‌ಒ ಖಾತೆಗೆ ಹಾಕಿ ಎಂದು ಹೇಳಿದರೆ, ಜಿಪಿಎ ಹೊರದೇಶದ ಭಾರತೀಯ ದೂತಾವಾಸದಲ್ಲಿ ದೃಢೀಕೃತವಾಗಿದ್ದರೆ ಮಾಲೀಕರು ಅನಿವಾಸಿ ಇರಬಹುದೆಂಬುದಕ್ಕೆ ಅದೇ ಸೂಚನೆ.

ಒಂದು ಮನೆ, ಇಬ್ಬರು ವಾರಸುದಾರರು

ಒಂದು ಉದಾಹರಣೆಯನ್ನು ಕಟ್ಟಿಕೊಂಡು ಲೆಕ್ಕ ಹಾಕೋಣ. ಮೈಸೂರಿನಲ್ಲಿ ತಂದೆ 2012ರಲ್ಲಿ 40 ಲಕ್ಷಕ್ಕೆ ಕೊಂಡ ಮನೆ. ಅವರ ನಂತರ ಅದು ಅಕ್ಕ ಮತ್ತು ತಮ್ಮನಿಗೆ ಅರ್ಧರ್ಧ ಬಂದಿದೆ. ಅಕ್ಕ ಮೈಸೂರಿನಲ್ಲೇ ಇದ್ದಾರೆ, ತಮ್ಮ ದುಬೈಯಲ್ಲಿ ನೌಕರಿಯಲ್ಲಿದ್ದಾರೆ. 90 ಲಕ್ಷಕ್ಕೆ ವ್ಯಾಪಾರ ಕುದುರಿದೆ. ಮಾರ್ಗಸೂಚಿ ಬೆಲೆ ಅದಕ್ಕಿಂತ ಕಡಿಮೆ. 2025ರ ಅಕ್ಟೋಬರ್‌ನಲ್ಲಿ ಕರಾರು, 10 ಲಕ್ಷ ಮುಂಗಡ. 2026ರ ಜನವರಿಯಲ್ಲಿ ನೋಂದಣಿ.

ಮನೆ ಒಂದೇ ಆದರೂ ತೆರಿಗೆಯ ದೃಷ್ಟಿಯಲ್ಲಿ ಇಲ್ಲಿ ಎರಡು ಪಾವತಿಗಳಿವೆ. ಅಕ್ಕನ ಪಾಲು 45 ಲಕ್ಷ. ಅದು 50 ಲಕ್ಷಕ್ಕಿಂತ ಕಡಿಮೆ ಎಂದು ಬಿಡುವಂತಿಲ್ಲ. 2024ರ ಅಕ್ಟೋಬರ್ 1ರಿಂದ ಎಲ್ಲ ಮಾಲೀಕರ ಪಾಲನ್ನೂ ಕೂಡಿಸಿ ಮಿತಿ ನೋಡಬೇಕು. ಒಟ್ಟು 90 ಲಕ್ಷವಾದ್ದರಿಂದ ಅಕ್ಕನ ಹಣದಲ್ಲಿ ಶೇ 1, ಅಂದರೆ 45,000 ರೂಪಾಯಿ ಹಿಡಿಯಬೇಕು.

ತಮ್ಮನ ಪಾಲಿಗೆ ಕಲಂ 195. ಮನೆ 24 ತಿಂಗಳಿಗಿಂತ ಹೆಚ್ಚು ಕಾಲ ಇದ್ದದ್ದು (ತಂದೆಯ ಕಾಲವೂ ಇದರಲ್ಲಿ ಸೇರುತ್ತದೆ), ಆದ್ದರಿಂದ ಬರುವ ಲಾಭ ದೀರ್ಘಾವಧಿಯದು. 2024ರ ಜುಲೈ 23ರಿಂದ ಅದರ ದರ ಶೇ 12.5. ಅದರ ಮೇಲೆ ಶೇ 4 ಸೆಸ್ ಸೇರಿದರೆ ಶೇ 13. ತಮ್ಮನ ಪಾಲು 50 ಲಕ್ಷ ದಾಟಿದ್ದರೆ ಸರ್ಚಾರ್ಜ್ ಸೇರಿ ಶೇ 14.3 ಆಗುತ್ತಿತ್ತು, ಒಂದು ಕೋಟಿ ದಾಟಿದ್ದರೆ ಶೇ 14.95. ಮನೆ ಕೊಂಡು 24 ತಿಂಗಳೊಳಗೆ ಮಾರಿದ್ದರೆ ಮೂಲ ದರವೇ ಶೇ 30.

ಈ ಶೇ 13 ಯಾವುದರ ಮೇಲೆ? ತೆರಿಗೆ ಬೀಳುವುದು ಲಾಭದ ಮೇಲೆ ಮಾತ್ರ. ಆದರೆ ಮಾರುವವರ ಲಾಭ ಎಷ್ಟೆಂದು ತೀರ್ಮಾನಿಸುವ ಅಧಿಕಾರ ಕೊಳ್ಳುವವರಿಗಿಲ್ಲ. ಆದಾಯ ತೆರಿಗೆ ಇಲಾಖೆಯ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಪೂರ್ತಿ ಮೊತ್ತದ ಮೇಲೆ ಹಿಡಿಯುವುದೇ ಸುರಕ್ಷಿತ ದಾರಿ. 45 ಲಕ್ಷಕ್ಕೆ ಅದು 5,85,000 ರೂಪಾಯಿ. ತಮ್ಮನ ನಿಜವಾದ ಲಾಭವಾದರೋ 45 ಲಕ್ಷದಲ್ಲಿ ಅಸಲು 20 ಲಕ್ಷ ಕಳೆದರೆ 25 ಲಕ್ಷ. ಅದರ ತೆರಿಗೆ 3,25,000 ಮಾತ್ರ. ಉಳಿದ 2,60,000 ರೂಪಾಯಿಯನ್ನು ಅವರು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬೇಕಾಗುತ್ತದೆ.

ಕಡಿಮೆ ದರದ ಪ್ರಮಾಣಪತ್ರ

ಇದಕ್ಕೆ ಕಾನೂನಿನಲ್ಲೇ ಪರಿಹಾರವಿದೆ. ಮಾರುವವರು ಟ್ರೇಸಸ್ ಜಾಲತಾಣದಲ್ಲಿ ಫಾರಂ 13 ತುಂಬಿ, ಕೊಂಡ ಪತ್ರ, ಕರಾರು ಮತ್ತು ಲಾಭದ ಲೆಕ್ಕ ಕೊಟ್ಟು, ಕಡಿಮೆ ದರದ ಪ್ರಮಾಣಪತ್ರ ಕೇಳಬಹುದು. ಅಧಿಕಾರಿ ಲೆಕ್ಕ ನೋಡಿ ದರ ಗೊತ್ತುಮಾಡುತ್ತಾರೆ. ಅರ್ಜಿ ಹಾಕುವುದು ಮಾರುವವರ ಕೆಲಸ. ಆದರೆ ಅದರಲ್ಲಿ ಕೊಳ್ಳುವವರ ಟ್ಯಾನ್ ನಮೂದಿಸಬೇಕು. ಟ್ಯಾನ್ ಎಂದರೆ ತೆರಿಗೆ ಹಿಡಿಯುವವರಿಗೆ ಇಲಾಖೆ ಕೊಡುವ ಸಂಖ್ಯೆ. ಫಾರಂ 49B ಮೂಲಕ ಅದನ್ನು ಪಡೆಯಬೇಕು. ಆದ್ದರಿಂದ ಮೊದಲ ಹೆಜ್ಜೆ ಇಡಬೇಕಾದವರು ಕೊಳ್ಳುವವರೇ.

ಪ್ರಮಾಣಪತ್ರ ಹಿಂದಿನ ಪಾವತಿಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅದು ಡಿಸೆಂಬರ್‌ನಲ್ಲಿ ಬಂತು ಎಂದುಕೊಳ್ಳೋಣ. ಅಕ್ಟೋಬರ್‌ನಲ್ಲಿ ತಮ್ಮನಿಗೆ ಹೋದ 5 ಲಕ್ಷ ಮುಂಗಡದಲ್ಲಿ ಶೇ 13ರಂತೆ 65,000 ಆಗಲೇ ಹಿಡಿದಾಗಿದೆ. ಒಟ್ಟು ತೆರಿಗೆ 3,25,000ದಲ್ಲಿ ಇನ್ನುಳಿದದ್ದು 2,60,000. ಬಾಕಿ 40 ಲಕ್ಷಕ್ಕೆ ಅದು ಶೇ 6.5. ಅಧಿಕಾರಿ ಲೆಕ್ಕ ಒಪ್ಪಿ ಆ ದರ ಕೊಟ್ಟರೆ, ನೋಂದಣಿಯ ದಿನ 2,60,000 ಹಿಡಿದು 37,40,000 ರೂಪಾಯಿಯನ್ನು ತಮ್ಮನ ಎನ್‌ಆರ್‌ಒ ಖಾತೆಗೆ ಹಾಕಿದರೆ ಸರಿ. ಮಾರುವವರು ಕಳಿಸಿದ ಪ್ರತಿಯನ್ನು ನಂಬಿ ಕೂರದೆ, ಪ್ರಮಾಣಪತ್ರದ ಸಂಖ್ಯೆ, ಮೊತ್ತ ಮತ್ತು ಅವಧಿಯನ್ನು ಟ್ರೇಸಸ್‌ನಲ್ಲಿ ಪರಿಶೀಲಿಸಿಕೊಳ್ಳಿ.

ದಿನಾಂಕಗಳ ಸಾಲು

ತೆರಿಗೆ ಹಿಡಿಯಬೇಕಾದದ್ದು ನೋಂದಣಿಯ ದಿನ ಒಂದೇ ಸಲ ಅಲ್ಲ. ಮುಂಗಡವೂ ಸೇರಿ ಪ್ರತಿ ಪಾವತಿಯಲ್ಲೂ ಹಿಡಿಯಬೇಕು. ಅಕ್ಟೋಬರ್‌ನಲ್ಲಿ ತಮ್ಮನಿಂದ ಹಿಡಿದ 65,000ವನ್ನು ಟ್ಯಾನ್ ಬಳಸಿ ನವೆಂಬರ್ 7ರೊಳಗೆ ಕಟ್ಟಬೇಕು. ಅಕ್ಕನ ಮುಂಗಡದಲ್ಲಿ ಹಿಡಿದ 5,000ಕ್ಕೆ ತಿಂಗಳು ಮುಗಿದ ಮೇಲೆ 30 ದಿನ, ಅಂದರೆ ನವೆಂಬರ್ 30ರವರೆಗೆ ಕಾಲಾವಕಾಶ. ಜನವರಿಯಲ್ಲಿ ಹಿಡಿದ 2,60,000 ಫೆಬ್ರುವರಿ 7ರೊಳಗೆ ಸೇರಬೇಕು. ಅಕ್ಕನ ಉಳಿದ 40,000 ಮಾರ್ಚ್ 2ರೊಳಗೆ.

ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಮ್ಮನ ಲೆಕ್ಕಕ್ಕೆ 27Q ಎಂಬ ತ್ರೈಮಾಸಿಕ ವಿವರಪಟ್ಟಿ ಸಲ್ಲಿಸಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದಕ್ಕೆ ಜನವರಿ 31, ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಮೇ 31 ಗಡುವು. ಇದು ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೆಳೆಯುತ್ತಾ ಹೋಗುತ್ತದೆ, ಹಿಡಿದ ತೆರಿಗೆಯ ಮೊತ್ತ ಮುಟ್ಟುವವರೆಗೆ. ಪ್ರಮಾಣಪತ್ರದ ಸಂಖ್ಯೆಯನ್ನು 27Qನಲ್ಲಿ ತುಂಬಲು ಮರೆತರೆ ತೆರಿಗೆ ಕಡಿಮೆ ಹಿಡಿದಿದ್ದೀರಿ ಎಂದು ನೋಟಿಸ್ ಬರುತ್ತದೆ. ಆಮೇಲೆ ಟ್ರೇಸಸ್‌ನಿಂದ ಅಕ್ಕನಿಗೆ 16B, ತಮ್ಮನಿಗೆ 16A ಪತ್ರ ತೆಗೆದು ಕೊಡಬೇಕು. ಕಟ್ಟಿದ ಹಣ ಅವರವರ 26ASನಲ್ಲಿ ಕಾಣುತ್ತಿದೆಯೇ ಎಂದು ಇಬ್ಬರನ್ನೂ ಕೇಳಿ. ಕಂಡರೆ ನಮ್ಮ ಕಡೆಯಿಂದ ಕೆಲಸ ಸರಿಯಾಗಿದೆ ಎಂದರ್ಥ.

ಬ್ಯಾಂಕ್ ಸಾಲ ಇದ್ದರೆ ಇನ್ನೊಂದು ಎಚ್ಚರ ಬೇಕು. ಬ್ಯಾಂಕು ಪೂರ್ತಿ ಮೊತ್ತಕ್ಕೆ ಮಾರುವವರ ಹೆಸರಿನಲ್ಲಿ ಡಿಡಿ ಮಾಡಿಕೊಟ್ಟರೆ ತೆರಿಗೆ ಹಿಡಿಯಲು ಹಣವೇ ಉಳಿಯದು. ಯಾರಿಗೆ ಎಷ್ಟು, ತೆರಿಗೆಗೆ ಎಷ್ಟು ಎಂಬ ವಿಂಗಡಣೆಯನ್ನು ಕರಾರಿನಲ್ಲೇ ಬರೆಸಿ ಬ್ಯಾಂಕಿಗೆ ಮೊದಲೇ ಕೊಡಬೇಕು.

ಶೇ 1 ಮಾತ್ರ ಹಿಡಿದರೆ

ತಮ್ಮನಿಗೂ ಶೇ 1 ಎಂದು 45,000 ಮಾತ್ರ ಹಿಡಿದಿದ್ದರೆ, 5,85,000ಕ್ಕೆ 5,40,000 ಕೊರತೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಸುಸೂತ್ರವಾಗಿ ಆಯಿತೆಂದರೆ ಟಿಡಿಎಸ್ ಸರಿಯಿದೆ ಎಂದಲ್ಲ. ಇಲಾಖೆ ಕೊರತೆಯ ಹಣವನ್ನು ಕೇಳುವುದು ದುಬೈಯಲ್ಲಿರುವ ತಮ್ಮನನ್ನಷ್ಟೇ ಅಲ್ಲ, ಇಲ್ಲಿ ಮನೆ ಕೊಂಡವರನ್ನೂ ಸುಸ್ತಿದಾರರೆಂದು ಪರಿಗಣಿಸಬಹುದು. ಕೊರತೆಯ ಮೇಲೆ ತಿಂಗಳಿಗೆ ಶೇ 1 ಬಡ್ಡಿ, ಅಂದರೆ 5,400 ರೂಪಾಯಿ. 20 ತಿಂಗಳ ನಂತರ ಬೆಳಕಿಗೆ ಬಂದರೆ ಬಡ್ಡಿಯೇ 1,08,000. ಹಿಡಿದೂ ಕಟ್ಟದೆ ಇಟ್ಟುಕೊಂಡ ಹಣಕ್ಕೆ ಬಡ್ಡಿ ತಿಂಗಳಿಗೆ ಶೇ 1.5. ಹಿಡಿಯದ ತೆರಿಗೆಯಷ್ಟೇ ಮೊತ್ತದ ದಂಡ ಹಾಕಲೂ ಕಾನೂನಿನಲ್ಲಿ ಅವಕಾಶವಿದೆ.

ಮಾರಿದವರು ರಿಟರ್ನ್ ಸಲ್ಲಿಸಿ, ಈ ಹಣವನ್ನು ಅದರಲ್ಲಿ ತೋರಿಸಿ, ತೆರಿಗೆ ಕಟ್ಟಿದ್ದರೆ ಲೆಕ್ಕಪರಿಶೋಧಕರ 26A ಪ್ರಮಾಣಪತ್ರದಿಂದ ಅಸಲಿನ ಹೊಣೆ ತಪ್ಪುತ್ತದೆ. ಬಡ್ಡಿ ಆಗಲೂ ತಪ್ಪದು. ಅಷ್ಟಕ್ಕೂ ಹಣವೆಲ್ಲ ಸಂದಾಯವಾದ ಮೇಲೆ ಮಾರಿದವರು ಸಹಕರಿಸುತ್ತಾರೆಂಬ ಭರವಸೆ ಎಲ್ಲಿದೆ?

2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಆಸ್ತಿ ಮಾರಾಟದ ಟಿಡಿಎಸ್ ನಿಯಮಗಳು ಅದರ ಕಲಂ 393ರಲ್ಲಿ ಸೇರಿವೆ. ಆದ್ದರಿಂದ ಆ ದಿನದ ನಂತರದ ಪಾವತಿಗೆ ಕಲಂ ಮತ್ತು ಫಾರಂ ಸಂಖ್ಯೆಗಳನ್ನು ಹೊಸದಾಗಿ ನೋಡಿಕೊಳ್ಳಬೇಕು. ಭಾರತದಲ್ಲಿರುವ ಕೊಳ್ಳುವವರು ಅನಿವಾಸಿಯ ಆಸ್ತಿಗೆ ಟ್ಯಾನ್ ಬದಲು ತಮ್ಮ ಪ್ಯಾನ್ ಮೂಲಕವೇ ತೆರಿಗೆ ಕಟ್ಟುವ ಪ್ರಸ್ತಾಪವೂ 2026ರ ಬಜೆಟ್‌ನಲ್ಲಿ ಬಂದಿದೆ. ನಿಮ್ಮ ಪಾವತಿಯ ದಿನಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಆ ದಾರಿ ಹಿಡಿಯಿರಿ. ತೆರಿಗೆ ಹಿಡಿಯುವ ಹೊಣೆ ಮಾತ್ರ ಹಾಗೆಯೇ ಉಳಿದಿದೆ.

ಹಾಗಾಗಿ ಮುಂಗಡದ ಚೆಕ್ಕಿಗೆ ಸಹಿ ಹಾಕುವ ಮೊದಲೇ ಪ್ರತಿಯೊಬ್ಬ ಮಾಲೀಕರ ನಿವಾಸ ಸ್ಥಿತಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅವರಲ್ಲಿ ಒಬ್ಬರು ಅನಿವಾಸಿ ಎಂದು ತಿಳಿದರೂ, ಕಡಿಮೆ ದರದ ಪ್ರಮಾಣಪತ್ರ ಬರುವಷ್ಟು ಕಾಲಾವಕಾಶವನ್ನು ಕರಾರಿನಲ್ಲಿ ಇಟ್ಟುಕೊಂಡು ನೋಂದಣಿಯ ದಿನ ಗೊತ್ತುಮಾಡಿ.