ಶೇ. 90 ಎಂದರೆ ನಿಜಕ್ಕೂ ಶೇ. 90 ಹೌದೇ?

‘ನಾಳೆ ಮಳೆ ಬರುವ ಸಂಭವ ಶೇ. 70’ ಎಂಬ ಮುನ್ಸೂಚನೆ ಸರಿಯೋ ತಪ್ಪೋ ಎಂದು ಒಂದು ದಿನದ ಹವೆ ನೋಡಿ ತೀರ್ಮಾನಿಸಲಾಗದು. ಮಳೆ ಬಂದರೂ ಬಾರದಿದ್ದರೂ ಹೇಳಿದವರಿಗೆ ನುಣುಚಿಕೊಳ್ಳಲು ದಾರಿ ಇದ್ದೇ ಇದೆ. ಆದರೆ ಶೇ. 70 ಎಂದು ಹೇಳಿದ ದಿನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಆ ದಾರಿ ಮುಚ್ಚುತ್ತದೆ. ಅಂಥ ಹತ್ತು ದಿನಗಳಲ್ಲಿ ಸರಾಸರಿ ಏಳು ದಿನ ಮಳೆಯಾಗಿರಬೇಕು. ಹೇಳಿದ ಸಂಭವಕ್ಕೂ ನಡೆದದ್ದಕ್ಕೂ ಹೀಗೆ ತಾಳೆಯಾದರೆ ಆ ಮಾದರಿಯ ಕ್ಯಾಲಿಬ್ರೇಷನ್ ಚೆನ್ನಾಗಿದೆ ಎನ್ನುತ್ತಾರೆ.

ಇಂಥ ಮುನ್ಸೂಚನೆಗಳಿಗೆ ಅಂಕ ಕೊಡುವ ಒಂದು ಸರಳ ವಿಧಾನವನ್ನು ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಪ್ರಕಟಿಸಿದರು. ಮಳೆ ಬಂದರೆ 1, ಬಾರದಿದ್ದರೆ 0 ಎಂದು ಬರೆದುಕೊಳ್ಳುವುದು. ಹೇಳಿದ ಸಂಭವಕ್ಕೂ ಆ ಸಂಖ್ಯೆಗೂ ಇರುವ ಅಂತರವನ್ನು ವರ್ಗ ಮಾಡುವುದು. ಎಲ್ಲ ದಿನಗಳ ಸರಾಸರಿ ತೆಗೆಯುವುದು. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಶೇ. 90 ಎಂದ ದಿನ ಮಳೆ ಬಂದರೆ ದಂಡ 0.01 ಮಾತ್ರ, ಬಾರದಿದ್ದರೆ 0.81. ವರ್ಗ ಮಾಡುವುದರಿಂದಲೇ ಅತಿವಿಶ್ವಾಸಕ್ಕೆ ಇಷ್ಟು ದೊಡ್ಡ ಪೆಟ್ಟು ಬೀಳುತ್ತದೆ. ತನಗೆ ನಿಜವಾಗಿ ಅನ್ನಿಸಿದ ಸಂಭವವನ್ನೇ ಹೇಳುವವರಿಗೆ ಸರಾಸರಿಯಲ್ಲಿ ಅತಿ ಕಡಿಮೆ ದಂಡ ಬೀಳುವುದು ಈ ಅಂಕದ ದೊಡ್ಡ ಗುಣ.

ಲೆಕ್ಕಕ್ಕೆಂದು ಕಲ್ಪಿಸಿಕೊಂಡ 200 ದಿನಗಳ ಮುನ್ಸೂಚನೆಗಳು ಹೀಗಿವೆ ಎನ್ನೋಣ. ಇಂಥ ಪಟ್ಟಿಯನ್ನೇ ವಿಶ್ವಾಸಾರ್ಹತಾ ಕೋಷ್ಟಕ ಎನ್ನುವುದು.

| ಹೇಳಿದ ಸಂಭವ | ದಿನಗಳು | ಮಳೆ ಬಂದ ದಿನಗಳು | ನಿಜವಾದ ಪ್ರಮಾಣ |
|---|---|---|---|
| ಶೇ. 10 | 80 | 8 | ಶೇ. 10 |
| ಶೇ. 30 | 50 | 15 | ಶೇ. 30 |
| ಶೇ. 60 | 40 | 24 | ಶೇ. 60 |
| ಶೇ. 90 | 30 | 21 | ಶೇ. 70 |

ಮೊದಲ ಸಾಲಿನಲ್ಲಿ ಮಳೆ ಬಂದ 8 ದಿನಗಳಿಗೆ ತಲಾ 0.81, ಬಾರದ 72 ದಿನಗಳಿಗೆ ತಲಾ 0.01, ಒಟ್ಟು ದಂಡ 7.2. ಹೀಗೆಯೇ ಉಳಿದ ಸಾಲುಗಳಿಗೆ 10.5, 9.6 ಮತ್ತು 7.5. ಕೂಡಿದರೆ 34.8, ಅದನ್ನು 200ರಿಂದ ಭಾಗಿಸಿದರೆ ಬ್ರಯರ್ ಅಂಕ 0.174.

ಈ ಸಂಖ್ಯೆ ಒಳ್ಳೆಯದೋ ಕೆಟ್ಟದ್ದೋ? ಅದನ್ನೊಂದೇ ಹಿಡಿದುಕೊಂಡು ಕೂತರೆ ಉತ್ತರ ಸಿಗುವುದಿಲ್ಲ. 200 ದಿನಗಳಲ್ಲಿ 68 ದಿನ, ಅಂದರೆ ಶೇ. 34ರಷ್ಟು ದಿನ ಮಳೆಯಾಗಿದೆ. ಪ್ರತಿದಿನವೂ ಕಣ್ಣುಮುಚ್ಚಿ ‘ಶೇ. 34’ ಎಂದಿದ್ದರೆ ಅಂಕ 0.224 ಬರುತ್ತಿತ್ತು. ಮಾದರಿ ಅದಕ್ಕಿಂತ ವಾಸಿ. ತಮಾಷೆಯೆಂದರೆ, ಕಣ್ಣುಮುಚ್ಚಿ ಹೇಳುವವರ ಕ್ಯಾಲಿಬ್ರೇಷನ್ ಮಾತ್ರ ಪರಿಪೂರ್ಣ: ಶೇ. 34 ಎಂದರು, ಶೇ. 34ರಷ್ಟೇ ಮಳೆಯಾಯಿತು. ಆದರೆ ಯಾವ ದಿನ ಕೊಡೆ ಹಿಡಿಯಬೇಕೆಂದು ಅವರಿಂದ ತಿಳಿಯದು. ಅಂದರೆ ಬ್ರಯರ್ ಅಂಕದಲ್ಲಿ ಎರಡು ಗುಣಗಳು ಬೆರೆತಿವೆ: ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ತಾಳೆ, ಮಳೆಯ ದಿನಗಳನ್ನು ಒಣ ದಿನಗಳಿಂದ ಬೇರ್ಪಡಿಸುವ ಶಕ್ತಿ. 1973ರಲ್ಲಿ ಅಲನ್ ಮರ್ಫಿ ಈ ಅಂಕವನ್ನು ಬಿಡಿಸಿ ಇವೆರಡನ್ನೂ ಬೇರೆಬೇರೆಯಾಗಿ ತೋರಿಸಿದರು.

ತಾಳೆ ಎಲ್ಲಿ ತಪ್ಪಿದೆ ಎಂದು ಹೇಳುವುದು ಕೋಷ್ಟಕ. ಮೊದಲ ಮೂರು ಸಾಲುಗಳಲ್ಲಿ ಕೊಂಕಿಲ್ಲ. ಕೊನೆಯ ಸಾಲಿನಲ್ಲಿ ಮಾದರಿ 90 ಎಂದಿದೆ, ನಡೆದದ್ದು 70. ವ್ಯತ್ಯಾಸ 0.2, ಅದರ ವರ್ಗ 0.04, ಈ ಸಾಲಿನಲ್ಲಿರುವುದು ಒಟ್ಟು ದಿನಗಳ ಶೇ. 15, ಹಾಗಾಗಿ ಅಂಕಕ್ಕೆ ಸೇರಿದ ನಷ್ಟ 0.006. ಆ ದಿನಗಳಲ್ಲಿ 70 ಎಂದಿದ್ದರೆ ಅಂಕ 0.168ಕ್ಕೆ ಇಳಿಯುತ್ತಿತ್ತು. ಇಳಿಕೆ ಸಣ್ಣದು, ಅಂಕವನ್ನಷ್ಟೇ ನೋಡುವವರ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ. ಆದರೆ ‘ಶೇ. 90’ ನಂಬಿ ಕಾಂಕ್ರೀಟ್ ಕೆಲಸ ನಿಲ್ಲಿಸಿದವರಿಗೆ ಹತ್ತರಲ್ಲಿ ಒಂದು ದಿನದ ಬದಲು ಮೂರು ದಿನದ ಕೂಲಿ ದಂಡ.

ಕೋಷ್ಟಕವೂ ಮೋಸ ಮಾಡಬಲ್ಲದು, ಅದರಲ್ಲೂ ಸಾಲಿನಲ್ಲಿ ದಿನಗಳು ಕಡಿಮೆಯಿದ್ದಾಗ. ನಿಜವಾದ ಸಂಭವ ಶೇ. 90 ಇದ್ದರೂ, ಹತ್ತೇ ದಿನ ನೋಡಿದರೆ ಮಳೆಯ ದಿನಗಳು ಏಳು ಅಥವಾ ಅದಕ್ಕಿಂತ ಕಡಿಮೆಯಾಗುವುದು ನೂರಕ್ಕೆ ಏಳು ಸಲ ಬರಿಯ ಆಕಸ್ಮಿಕದಿಂದಲೇ ಆಗುತ್ತದೆ. 30 ದಿನಗಳಲ್ಲಿ 27ರ ಬದಲು 21 ಆಗುವುದು ಹಾಗಲ್ಲ, ಅದು ತೀರಾ ಅಪರೂಪ. ಆದರೆ ಈ ಲೆಕ್ಕ ಒಂದು ದಿನಕ್ಕೂ ಮರುದಿನಕ್ಕೂ ನಂಟಿಲ್ಲ ಎಂದು ಹಿಡಿಯುತ್ತದೆ. ಮಳೆಯೋ ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡದು. ಆ 30 ದಿನಗಳೂ ಎರಡು ಮೂರು ಜಡಿಮಳೆಯ ವಾರಗಳಿಂದಲೇ ಬಂದಿದ್ದರೆ, ಸಿಕ್ಕ ಪುರಾವೆ ಕಾಣುವುದಕ್ಕಿಂತ ತೆಳು.

90 ಎಂದದ್ದನ್ನೆಲ್ಲ 70 ಎಂದು ತಿದ್ದಿಕೊಂಡ ಮೇಲೂ ಪರೀಕ್ಷೆ ಬಾಕಿ ಇರುತ್ತದೆ. 0.168 ಎಂಬ ಅಂಕ, ತಿದ್ದುಪಡಿ ಕಲಿತ ಅದೇ ದಿನಗಳಿಂದ ಬಂದದ್ದು. ತಿದ್ದಿದ ಮಾದರಿಯನ್ನು ಅದು ಎಂದೂ ಕಾಣದ ಮತ್ತೊಂದು ಮಳೆಗಾಲದ ದಿನಗಳ ಮೇಲೆ ಓಡಿಸಿ, ಅಂಕವನ್ನೂ ಕೋಷ್ಟಕವನ್ನೂ ಹೊಸದಾಗಿ ಬರೆಯಬೇಕು.